ಹೊಸ ಬೈಕಿಗೆ ಹೊರಗಡೆ ಫಾಗ್ ಲೈಟ್ ಹಾಕಿಸಿದರೆ ವಾರಂಟಿ ಏನಾಗುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಹೊಸ ಬೈಕ್ ಮನೆಗೆ ಬಂದ ವಾರದೊಳಗೆ ಜೆ.ಸಿ. ರಸ್ತೆಗೆ ಹೋಗಿ ಒಂದಿಷ್ಟು ಸಾಮಾನು ಹಾಕಿಸಿಕೊಂಡು ಬರುವುದು ಬೆಂಗಳೂರಿನಲ್ಲಿ ವಾಡಿಕೆ. ಮೊಬೈಲ್ ಹೋಲ್ಡರ್, ಕ್ರ್ಯಾಶ್ ಗಾರ್ಡ್, ಸೀಟ್ ಕವರ್ ಇವುಗಳಿಂದ ವಾರಂಟಿಗೆ ಪೆಟ್ಟು ಬೀಳುವುದು ಕಡಿಮೆ. ಪೆಟ್ಟು ಬೀಳುವುದು ವೈರಿಂಗಿಗೆ ಕೈ ಹಾಕಿದಾಗ. ಅದಕ್ಕೇ ಇಲ್ಲಿನ ಬಹುಪಾಲು ಉತ್ತರಗಳು ಫಾಗ್ ಲೈಟ್, ಹಾರ್ನ್, ಯುಎಸ್‌ಬಿ ಚಾರ್ಜರ್, ಜಿಪಿಎಸ್ ಟ್ರ್ಯಾಕರ್‌ಗಳ ಸುತ್ತಲೇ ಇವೆ.

ಹೊರಗಡೆಯ ಒಂದು ಸಾಮಾನು ಹಾಕಿಸಿದರೆ ಇಡೀ ಬೈಕಿನ ವಾರಂಟಿ ಹೋಗುತ್ತದೆಯೇ?

ನಿಮ್ಮ ಬೈಕಿನ ಜೊತೆ ಬಂದ ಪುಸ್ತಕದಲ್ಲಿ ವಾರಂಟಿಯ ಅಧ್ಯಾಯ ತೆರೆದು ‘ವಾರಂಟಿ ಅನ್ವಯಿಸದ ಸಂದರ್ಭಗಳು’ ಎಂಬ ಭಾಗವನ್ನು ಮೊದಲು ಓದಿ. ಅಲ್ಲಿ ಸಾಮಾನ್ಯವಾಗಿ ಎರಡು ಬಗೆಯ ವಾಕ್ಯಗಳಿರುತ್ತವೆ. ಒಂದು, ಕಂಪನಿ ಒಪ್ಪದ ಭಾಗ ಅಥವಾ ಮಾರ್ಪಾಡಿನಿಂದ ಆದ ಹಾನಿಗೆ ವಾರಂಟಿ ಇಲ್ಲ ಎನ್ನುವುದು. ಇನ್ನೊಂದು, ಮಾರ್ಪಾಡು ಮಾಡಿದ ವಾಹನಕ್ಕೇ ವಾರಂಟಿ ಇಲ್ಲ ಎನ್ನುವುದು. ಎರಡಕ್ಕೂ ಬಹಳ ವ್ಯತ್ಯಾಸವಿದೆ. ಮೊದಲನೆಯದರಲ್ಲಿ, ಹಾಳಾದ ಭಾಗಕ್ಕೂ ನೀವು ಹಾಕಿಸಿದ ಸಾಮಾನಿಗೂ ಸಂಬಂಧವಿದ್ದರೆ ಮಾತ್ರ ಕ್ಲೇಮ್ ನಿಲ್ಲುತ್ತದೆ. ಎರಡನೆಯದನ್ನು ಹಿಡಿದುಕೊಂಡರೆ ಸರ್ವಿಸ್ ಸೆಂಟರ್ ಯಾವುದಕ್ಕಾದರೂ ಇಲ್ಲ ಎನ್ನಬಹುದು.

ನಡೆಯುವ ರೀತಿ ಸಾಮಾನ್ಯವಾಗಿ ಇವೆರಡರ ನಡುವೆ ಇರುತ್ತದೆ. ವೈರಿಂಗ್ ಕತ್ತರಿಸಿದ ಬೈಕಿನಲ್ಲಿ ವೈರಿಂಗ್ ಕಿಟ್, ಸ್ವಿಚ್, ಬ್ಯಾಟರಿ, ಕರೆಂಟ್ ಹುಟ್ಟಿಸುವ ಮ್ಯಾಗ್ನೆಟ್ ಕಾಯಿಲ್, ಆ ಕರೆಂಟನ್ನು ಬ್ಯಾಟರಿಗೆ ಹದಮಾಡಿ ಕೊಡುವ ಆರ್‌ಆರ್ ಯೂನಿಟ್, ಎಂಜಿನ್ ನಿಯಂತ್ರಿಸುವ ಇಸಿಯು, ಮೀಟರ್ ಇಷ್ಟಕ್ಕೂ ಒಟ್ಟಿಗೆ ವಾರಂಟಿ ನಿಲ್ಲಿಸುತ್ತಾರೆ. ಮುಂದಿನ ಫೋರ್ಕಿನಿಂದ ಆಯಿಲ್ ಸೋರಿದರೆ ಸೀಲ್ ಬದಲಾಯಿಸಿಕೊಡುತ್ತಾರೆ. ಒಂದು ಕತ್ತರಿಯ ಗುರುತಿನಿಂದ ಬೈಕಿನ ಎಷ್ಟೋ ಬೆಲೆಬಾಳುವ ಭಾಗಗಳು ವಾರಂಟಿಯಿಂದ ಆಚೆ ಹೋಗುವುದು ಹೀಗೆ.

ಬ್ಯಾಟರಿ ಮತ್ತು ಟೈರುಗಳ ವಾರಂಟಿ ಹೆಚ್ಚಿನ ಕಂಪನಿಗಳಲ್ಲಿ ಆಯಾ ತಯಾರಕರದ್ದೇ ಆಗಿರುತ್ತದೆ, ಬೈಕ್ ಕಂಪನಿಯದ್ದಲ್ಲ. ಅದರ ಷರತ್ತುಗಳೂ ಬೇರೆ, ಕಾರ್ಡೂ ಬೇರೆ.

ಎರಡು ಸಣ್ಣ ಎಲ್‌ಇಡಿ ಫಾಗ್ ಲೈಟ್‌ನಿಂದ ಅಂಥದ್ದೇನಾಗುತ್ತದೆ?

ಲೆಕ್ಕ ಹಾಕಿ ನೋಡೋಣ. 350 ಸಿಸಿಯ ಒಂದು ಬೈಕ್, ಹೆಡ್‌ಲೈಟಿಗೆ 60/55 ವ್ಯಾಟಿನ ಎಚ್4 ಬಲ್ಬ್, ಅದಕ್ಕೆ 10 ಆಂಪ್ ಫ್ಯೂಸ್ ಎಂದಿಟ್ಟುಕೊಳ್ಳಿ. ಲೋ ಬೀಮ್ ಉರಿಯುವಾಗ 55 ವ್ಯಾಟ್, ಅಂದರೆ 12 ವೋಲ್ಟಿಗೆ ಸುಮಾರು 4.6 ಆಂಪ್ ಕರೆಂಟ್. ಕಂಪನಿ ಆ ವೈರನ್ನೂ ಹ್ಯಾಂಡಲ್ ಸ್ವಿಚ್ಚಿನ ಪಾಯಿಂಟನ್ನೂ ಆರಿಸಿರುವುದು ಇಷ್ಟು ಹೊರೆಗೆ.

ಅಂಗಡಿಯಲ್ಲಿ 20 ವ್ಯಾಟಿನ ಎರಡು ಫಾಗ್ ಲೈಟ್ ತೆಗೆದುಕೊಂಡಿರಿ. ಹಾಕುವವರು ಹೆಡ್‌ಲೈಟ್ ಬಿಚ್ಚಿ, ಲೋ ಬೀಮಿನ ವೈರಿನ ಮೇಲ್ಪದರವನ್ನು ಬ್ಲೇಡಿನಿಂದ ಕೆರೆದು, ಫಾಗ್ ಲೈಟಿನ ವೈರನ್ನು ಅದಕ್ಕೆ ಸುತ್ತಿ, ಕಪ್ಪು ಟೇಪ್ ಹೊಡೆದು ಕೂರಿಸುತ್ತಾರೆ. ಹದಿನೈದು ನಿಮಿಷದ ಕೆಲಸ. ಈಗ ಅದೇ ವೈರಿನಲ್ಲಿ 95 ವ್ಯಾಟ್, ಸುಮಾರು 8 ಆಂಪ್ ಹರಿಯುತ್ತಿದೆ. ಕರೆಂಟ್ ಹೆಚ್ಚಿದ್ದು ಒಂದೂಮುಕ್ಕಾಲು ಪಟ್ಟು. ಆದರೆ ವೈರಿನಲ್ಲಿ ಹುಟ್ಟುವ ಶಾಖ ಕರೆಂಟಿನ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ ಅದು ಮೂರು ಪಟ್ಟಾಯಿತು. 2017ರ ಏಪ್ರಿಲ್‌ನಿಂದ ಬಂದ ಬೈಕುಗಳಲ್ಲಿ ಎಂಜಿನ್ ಓಡುವಷ್ಟು ಹೊತ್ತೂ ಹೆಡ್‌ಲೈಟ್ ಉರಿಯುತ್ತಲೇ ಇರುತ್ತದೆ. ಹೀಗೆ ಜೋಡಿಸಿದ ಫಾಗ್ ಲೈಟಿಗೆ ಬೇರೆ ಸ್ವಿಚ್ ಇಲ್ಲದಿದ್ದರೆ ಹಗಲಲ್ಲೂ ವೈರಿಗೆ ಬಿಡುವಿಲ್ಲ.

ಇಷ್ಟಾದರೂ ಮೊದಲ ದಿನ ಏನೂ ಆಗುವುದಿಲ್ಲ. ಕೆಲವು ತಿಂಗಳಲ್ಲಿ ಸ್ವಿಚ್ಚಿನೊಳಗಿನ ತಾಮ್ರದ ಪಾಯಿಂಟ್ ಕಪ್ಪಾಗುತ್ತದೆ. ಜೂನ್ ಮಳೆಗೆ ಟೇಪಿನ ಸಂದಿಯಿಂದ ನೀರು ಇಳಿದು ಸುತ್ತಿದ ಜಾಗ ಹಸಿರುಗಟ್ಟುತ್ತದೆ. ಹಸಿರುಗಟ್ಟಿದ ಜೋಡಣೆಯಲ್ಲಿ ತಡೆ ಹೆಚ್ಚು, ತಡೆ ಹೆಚ್ಚಾದಲ್ಲಿ ಶಾಖ ಇನ್ನೂ ಹೆಚ್ಚು. ಹೆಡ್‌ಲೈಟ್ ಮಂಕಾಗುವುದು, ಗುಂಡಿಗೆ ಬಿದ್ದಾಗ ಒಮ್ಮೆ ಮಿನುಗುವುದು, ಎಡಗೈ ಸ್ವಿಚ್ಚಿನ ಡಬ್ಬಿ ಮುಟ್ಟಿದರೆ ಬೆಚ್ಚಗಿರುವುದು, ಪ್ಲಾಸ್ಟಿಕ್ ಸುಟ್ಟ ಸಣ್ಣ ವಾಸನೆ ಇವೆಲ್ಲ ಆಗ ಕಾಣುವ ಲಕ್ಷಣಗಳು. ಆ ಹಂತದಲ್ಲೇ ನಿಲ್ಲಿಸಿದರೆ ಸ್ವಿಚ್ ಒಂದರಲ್ಲಿ ಮುಗಿಯುತ್ತದೆ. ಬಿಟ್ಟರೆ ಪಕ್ಕದ ವೈರುಗಳ ಮೇಲ್ಪದರವೂ ಕರಗಿ ಇಡೀ ವೈರಿಂಗ್ ಕಿಟ್ ಬದಲಿಸಬೇಕಾಗುತ್ತದೆ. ಕಿಟ್ ಹಾಕಲು ಟ್ಯಾಂಕ್, ಸೀಟ್, ಹೆಡ್‌ಲೈಟ್ ಎಲ್ಲವನ್ನೂ ಇಳಿಸಬೇಕು. ಭಾಗದ ಬೆಲೆಯ ಜೊತೆಗೆ ಕೂಲಿಯೂ ನಿಮ್ಮದೇ.

ಫ್ಯೂಸ್ ಇದೆಯಲ್ಲ, ಅದು ಕಾಪಾಡುವುದಿಲ್ಲವೇ?

ಮೇಲಿನ ಲೆಕ್ಕದಲ್ಲಿ ಹರಿದದ್ದು 8 ಆಂಪ್, ಫ್ಯೂಸ್ 10 ಆಂಪ್. ಫ್ಯೂಸ್ ಹೋಗಲೇ ಇಲ್ಲ. ವೈರ್ ಮತ್ತು ಸ್ವಿಚ್ ನಿಧಾನವಾಗಿ ಬೇಯುತ್ತಿದ್ದರೂ ಫ್ಯೂಸಿಗೆ ಗೊತ್ತಾಗುವುದಿಲ್ಲ, ಏಕೆಂದರೆ ಅದು ನೋಡುವುದು ಒಟ್ಟು ಕರೆಂಟನ್ನು ಮಾತ್ರ, ಕೆಟ್ಟ ಜೋಡಣೆಯ ಶಾಖವನ್ನಲ್ಲ.

ಇದಕ್ಕಿಂತ ಕೆಟ್ಟದ್ದು, ಒಮ್ಮೆ ಫ್ಯೂಸ್ ಹೋದಾಗ ರಸ್ತೆ ಬದಿಯಲ್ಲಿ ‘ಸ್ವಲ್ಪ ದೊಡ್ಡದು ಹಾಕೋಣ’ ಎಂದು 20 ಆಂಪಿನದು ಹಾಕಿಸುವುದು. ಆಮೇಲೆ ಫ್ಯೂಸ್ ಕರಗುವ ಮೊದಲು ವೈರೇ ಕರಗುತ್ತದೆ. ಸರ್ವಿಸ್ ಸೆಂಟರ್‌ನವರು ಮುಚ್ಚಳ ತೆಗೆದು ಮೊದಲು ನೋಡುವುದೂ ಫ್ಯೂಸಿನ ಬಣ್ಣವನ್ನೇ: 10 ಆಂಪಿನದು ಕೆಂಪು, 15ರದು ನೀಲಿ, 20ರದು ಹಳದಿ. ಮುಚ್ಚಳದ ಮೇಲೆ 10 ಎಂದು ಬರೆದ ಜಾಗದಲ್ಲಿ ಹಳದಿ ಕಂಡರೆ ಮುಂದೆ ವಾದ ಮಾಡಲು ನಿಮ್ಮ ಬಳಿ ಏನೂ ಉಳಿಯುವುದಿಲ್ಲ.

ಸರ್ವಿಸಿಗೆ ಬಿಡುವ ಮೊದಲು ಎಲ್ಲ ಕಳಚಿಟ್ಟರೆ ಗೊತ್ತಾಗುತ್ತದೆಯೇ?

ಗೊತ್ತಾಗುತ್ತದೆ. ಕಾರ್ಖಾನೆಯಿಂದ ಬಂದ ವೈರಿಂಗಿನ ಸುತ್ತು ಒಂದೇ ಹದದಲ್ಲಿರುತ್ತದೆ, ವೈರಿನ ನಡುವೆ ಗಂಟಿರುವುದಿಲ್ಲ. ಕೆರೆದ ಜಾಗ, ಟೇಪಿನ ಅಂಟು, ವೈರನ್ನು ಕಚ್ಚಿ ಹಿಡಿಯುವ ನೀಲಿ ಕ್ಲಿಪ್ ಬಿಟ್ಟ ತೂತು ಇವು ಹೋಗುವುದಿಲ್ಲ. ಹ್ಯಾಂಡಲ್ ಮೇಲೆ ಸ್ವಿಚ್ ಕೂತಿದ್ದ ಗುರುತೂ ಉಳಿಯುತ್ತದೆ. ಹಿಂದಿನ ಸರ್ವಿಸಿನಲ್ಲಿ ಜಾಬ್ ಕಾರ್ಡಿನಲ್ಲಿ ‘ಹೊರಗಿನ ಫಾಗ್ ಲೈಟ್ ಇದೆ’ ಎಂದು ಬರೆದಿದ್ದರೆ ಅದು ಕಂಪ್ಯೂಟರಿನಲ್ಲಿ ಬೈಕಿನ ಚಾಸಿ ನಂಬರಿನ ಕೆಳಗೆ ದಾಖಲಾಗಿರುತ್ತದೆ.

ಮುಚ್ಚಿಟ್ಟು ಸಿಕ್ಕಿಬಿದ್ದರೆ ನ್ಯಾಯವಾದ ಬೇರೆ ಕ್ಲೇಮಿಗೂ ಅವರು ನಿಮ್ಮನ್ನು ನಂಬುವುದಿಲ್ಲ. ಇರುವುದನ್ನು ಇದ್ದಂತೆ ಹೇಳಿ, ಯಾವ ಜಾಗದಿಂದ ಕರೆಂಟ್ ತೆಗೆದಿದೆ ಎಂದು ತೋರಿಸುವುದೇ ಒಳ್ಳೆಯದು.

ಶೋರೂಂನಲ್ಲೇ ಹಾಕಿಸಿದ್ದೇನೆ. ಅಷ್ಟು ಸಾಕಲ್ಲವೇ?

ಸಾಕಾಗದೇ ಹೋಗಬಹುದು, ಇಲ್ಲಿ ಮೋಸ ಹೋಗುವವರು ಬಹಳ. ಶೋರೂಂ ಕೌಂಟರಿನಲ್ಲಿ ಎರಡು ಬಗೆಯ ಸಾಮಾನು ಮಾರುತ್ತಾರೆ. ಒಂದು, ಕಂಪನಿಯ ಹೆಸರಿನ ಡಬ್ಬಿಯಲ್ಲಿ ಪಾರ್ಟ್ ನಂಬರ್ ಸಮೇತ ಬರುವ ಅಧಿಕೃತ ಆಕ್ಸೆಸರಿ. ಇದಕ್ಕೆ ಅದರದೇ ವೈರಿಂಗ್, ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ರಿಲೇ ಇರುತ್ತವೆ. ಬೈಕಿನಲ್ಲಿ ಮೊದಲೇ ಬಿಟ್ಟಿರುವ ಕಪ್ಲರಿಗೆ ಅದು ನೇರ ಕೂರುತ್ತದೆ, ಏನನ್ನೂ ಕತ್ತರಿಸಬೇಕಾಗಿಲ್ಲ. ಇನ್ನೊಂದು, ಡೀಲರ್ ತಾವೇ ಹೊರಗಿನಿಂದ ತರಿಸಿಟ್ಟುಕೊಂಡ ಸಾಮಾನು. ಜೆ.ಸಿ. ರಸ್ತೆಯಲ್ಲಿ ಸಿಗುವುದೂ ಇದೇ. ಹೊಸ ಬೈಕಿನ ಕೊಟೇಶನ್‌ನಲ್ಲಿ ‘ಆಕ್ಸೆಸರೀಸ್’ ಎಂದು ಒಂದೇ ಸಾಲಿನಲ್ಲಿ ಕೆಲವು ಸಾವಿರ ಸೇರಿಸಿದ್ದರೆ ಈ ಎರಡನೆಯ ಬಗೆಯೂ ಅದರಲ್ಲಿರಬಹುದು.

ಹೀಗಾಗಿ ದುಡ್ಡು ಕೊಡುವ ಮೊದಲು ಪ್ರತಿ ಸಾಮಾನಿನ ಪಾರ್ಟ್ ನಂಬರ್ ಬರೆದ ಜಿಎಸ್‌ಟಿ ಬಿಲ್ ಕೇಳಿ. ಪಾರ್ಟ್ ನಂಬರನ್ನು ಕಂಪನಿಯ ಆಕ್ಸೆಸರಿ ಪಟ್ಟಿಯಲ್ಲಿ ಹುಡುಕಿ ನೋಡಿ. ಅದನ್ನು ತಮ್ಮ ಮೆಕ್ಯಾನಿಕ್‌ನಿಂದಲೇ ಹಾಕಿಸಿದ್ದೇವೆ ಎಂದು ಜಾಬ್ ಕಾರ್ಡಿನಲ್ಲಿ ಬರೆಸಿಕೊಳ್ಳಿ. ಅಧಿಕೃತವಲ್ಲದ ಸಾಮಾನನ್ನು ಡೀಲರೇ ಹಾಕಿದ್ದರೂ ಬಿಲ್ಲು ಮತ್ತು ಜಾಬ್ ಕಾರ್ಡ್ ಇದ್ದರೆ, ನಾಳೆ ಅದೇ ಡೀಲರ್ ‘ನೀವು ಹೊರಗೆ ಹಾಕಿಸಿದ್ದು’ ಎನ್ನಲಾಗುವುದಿಲ್ಲ. ಬಿಳಿ ಚೀಟಿಯ ಮೇಲಿನ ಬರಹಕ್ಕೆ ಆ ಬೆಲೆ ಇಲ್ಲ.

ಕಂಪನಿಯ ಫಾಗ್ ಲೈಟ್ ದುಬಾರಿ. ಹೊರಗೇ ಹಾಕಿಸುವುದಾದರೆ ಹಾನಿ ಕಡಿಮೆ ಆಗುವ ಹಾಗೆ ಹೇಗೆ?

ಮೂಲ ವೈರಿಂಗಿನ ಮೇಲೆ ಹೊರೆ ಬೀಳಬಾರದು, ಯಾವ ವೈರಿಗೂ ಬ್ಲೇಡ್ ತಾಗಬಾರದು. ಇವೆರಡನ್ನು ಪಾಲಿಸುವ ದಾರಿ ರಿಲೇ.

ಬ್ಯಾಟರಿಯ ಪ್ಲಸ್‌ನಿಂದ 1 ಚದರ ಮಿಲಿಮೀಟರ್ ವೈರ್ ಹೊರಡಲಿ. ಬ್ಯಾಟರಿಯಿಂದ ಒಂದು ಗೇಣಿನೊಳಗೇ 5 ಆಂಪಿನ ಫ್ಯೂಸ್ ಬರಲಿ. ಫ್ಯೂಸ್ ದೂರ ಇದ್ದರೆ ಅಲ್ಲಿಯವರೆಗಿನ ವೈರಿಗೆ ರಕ್ಷಣೆ ಇರುವುದಿಲ್ಲ. ಫ್ಯೂಸಿನಿಂದ ರಿಲೇಯ 30ನೇ ಕಾಲಿಗೆ, 87ನೇ ಕಾಲಿನಿಂದ ಲೈಟುಗಳ ಪ್ಲಸ್‌ಗೆ ಜೋಡಿಸಿ. ಲೈಟುಗಳ ಮೈನಸ್ ವೈರನ್ನು ಫ್ರೇಮಿನ ಯಾವುದೋ ಬೋಲ್ಟಿಗೆ ಕಟ್ಟುವ ಬದಲು ಬ್ಯಾಟರಿಯ ಮೈನಸ್‌ಗೇ ತನ್ನಿ. ಬಣ್ಣ ಬಳಿದ ಫ್ರೇಮಿನಲ್ಲಿ ಅರ್ಥ್ ಸರಿಯಾಗಿ ಸಿಗುವುದಿಲ್ಲ. ರಿಲೇಯ 86ನೇ ಕಾಲಿಗೆ ಇಗ್ನಿಷನ್ ಆನ್ ಆದಾಗ ಮಾತ್ರ ಬರುವ ಕರೆಂಟ್ ಬೇಕು, 85ನೇ ಕಾಲು ಹ್ಯಾಂಡಲ್ ಮೇಲಿನ ಹೊಸ ಸ್ವಿಚ್ಚಿನ ಮೂಲಕ ಬ್ಯಾಟರಿಯ ಮೈನಸ್‌ಗೆ ಹೋಗಲಿ. 40 ವ್ಯಾಟಿನ ಹೊರೆಯನ್ನು ಹೊಸ ವೈರ್ ಹೊರುತ್ತದೆ. ಮೂಲ ವೈರಿಂಗಿನಿಂದ ತೆಗೆಯುವುದು ರಿಲೇ ಎಳೆಯಲು ಬೇಕಾದ ಸುಮಾರು 0.15 ಆಂಪ್ ಮಾತ್ರ.

ಆ ಇಗ್ನಿಷನ್ ಕರೆಂಟ್ ಎಲ್ಲಿಂದ ತರುವುದು ಎನ್ನುವಲ್ಲೇ ಮತ್ತೆ ಬ್ಲೇಡ್ ಹೊರಬರುತ್ತದೆ. ಕೆಲವು ಬೈಕುಗಳಲ್ಲಿ ಕಂಪನಿಯೇ ಆಕ್ಸೆಸರಿಗೆಂದು ಬಿಟ್ಟಿರುವ ಖಾಲಿ ಕಪ್ಲರ್ ಇರುತ್ತದೆ. ಇಲ್ಲದಿದ್ದರೆ ಟೈಲ್ ಲೈಟ್ ಅಥವಾ ಪಾರ್ಕಿಂಗ್ ಲೈಟಿನ ಕಪ್ಲರ್ ನಡುವೆ ಕೂರುವ ಗಂಡು-ಹೆಣ್ಣು ಜೋಡಿಯ ಅಡಾಪ್ಟರ್ ಬಳಸಿ ಒಂದು ಕವಲು ತೆಗೆಯಬಹುದು. ಬೇಡವೆನಿಸಿದಾಗ ಕಳಚಿದರೆ ಬೈಕ್ ಮೊದಲಿನಂತಾಗುತ್ತದೆ. ಎಬಿಎಸ್, ಇಸಿಯು, ಫ್ಯೂಯೆಲ್ ಪಂಪ್ ಮತ್ತು ಸೆನ್ಸರ್‌ಗಳ ವೈರಿನಿಂದ ಏನನ್ನೂ ತೆಗೆಯಬೇಡಿ.

ಡಬ್ಬಿಯ ಮೇಲೆ ಬರೆದ ವ್ಯಾಟನ್ನು ನಂಬಬೇಡಿ. ಹಾಕಿಸುವ ಮೊದಲು ಲೈಟನ್ನು ಬ್ಯಾಟರಿಗೆ ಮಲ್ಟಿಮೀಟರ್ ಮೂಲಕ 10 ಆಂಪ್ ಜಾಗದಲ್ಲಿಟ್ಟು ಒಂದೊಂದನ್ನೇ ಅಳೆಯಿರಿ. ಎರಡೂ ಸೇರಿ 4 ಆಂಪ್ ದಾಟಿದರೆ 5 ಆಂಪ್ ಫ್ಯೂಸ್ ಸಾಲದು. ಆಗ ಫ್ಯೂಸ್ ಏರಿಸುವುದಕ್ಕಿಂತ ಸಣ್ಣ ಲೈಟ್ ತರುವುದು ಸರಿ.

ಇಷ್ಟೆಲ್ಲ ಮಾಡಿದರೂ ಕಂಪನಿ ಒಪ್ಪದ ಸಾಮಾನು ಒಪ್ಪದ ಸಾಮಾನೇ. ಬದಲಾಗುವುದೇನೆಂದರೆ, ನಾಳೆ ಸ್ವಿಚ್ ಕೆಟ್ಟರೆ ‘ಇದರ ಹೊರೆ ಆ ಸ್ವಿಚ್ಚಿನ ಮೇಲೆ ಇರಲೇ ಇಲ್ಲ’ ಎಂದು ತೋರಿಸಲು ನಿಮ್ಮ ಬಳಿ ಆಧಾರವಿರುತ್ತದೆ. ಹಾಕುವಾಗಲೇ ಪ್ರತಿ ಜೋಡಣೆಯ ಫೋಟೋ ತೆಗೆದಿಡಿ.

ಬ್ಯಾಟರಿ ಪದೇ ಪದೇ ಇಳಿಯುತ್ತಿದೆ. ಲೈಟ್ ಕಾರಣವೋ, ಬ್ಯಾಟರಿಯದೇ ದೋಷವೋ ಹೇಗೆ ತಿಳಿಯುವುದು?

ಮಲ್ಟಿಮೀಟರ್ ಸಾಕು. ಬೈಕ್ ರಾತ್ರಿಯಿಡೀ ನಿಂತ ಮೇಲೆ ಬೆಳಿಗ್ಗೆ ಬ್ಯಾಟರಿ 12.6ರಿಂದ 12.8 ವೋಲ್ಟ್ ತೋರಿಸಿದರೆ ಚೆನ್ನಾಗಿದೆ. ಎಂಜಿನ್ ಚಾಲೂ ಮಾಡಿ ಎಕ್ಸಲರೇಟರ್ ಸ್ವಲ್ಪ ಏರಿಸಿದಾಗ 13.5ರಿಂದ 14.5ರ ನಡುವೆ ಬಂದರೆ ಚಾರ್ಜಿಂಗ್ ಸರಿಯಿದೆ. ಈಗ ಫಾಗ್ ಲೈಟ್ ಹಾಕಿ ಎಂಜಿನನ್ನು ಐಡಲಿಗೆ ಬಿಡಿ. 12.8ಕ್ಕಿಂತ ಕೆಳಗಿಳಿಯುತ್ತಾ ಹೋದರೆ ಲೈಟಿಗೆ ಕರೆಂಟ್ ಕೊಡುತ್ತಿರುವುದು ಮ್ಯಾಗ್ನೆಟ್ ಅಲ್ಲ, ಬ್ಯಾಟರಿ. ಸಿಲ್ಕ್ ಬೋರ್ಡ್‌ನಲ್ಲೋ ಟಿನ್ ಫ್ಯಾಕ್ಟರಿಯಲ್ಲೋ ಸಂಜೆ ಅರ್ಧ ಗಂಟೆ ತೆವಳುವ ಬೈಕಿನಲ್ಲಿ ದಿನವೂ ಆಗುವುದು ಇದೇ. ಅದೇ ಬೈಕ್ ಹಾಸನದ ಹೆದ್ದಾರಿಯಲ್ಲಿ ತೊಂದರೆ ಕೊಡುವುದಿಲ್ಲ.

ಜಿಪಿಎಸ್ ಟ್ರ್ಯಾಕರ್ ಕೆಲಸ ಮಾಡುವುದು ಬೇರೆ ರೀತಿ. ನಿಂತ ಬೈಕಿನಲ್ಲಿ ಅದು 20 ಮಿಲಿಆಂಪ್ ಎಳೆದರೆ ದಿನಕ್ಕೆ 0.48 ಆಂಪ್-ಅವರ್. ದೀಪಾವಳಿಗೆ ಹತ್ತು ದಿನ ಊರಿಗೆ ಹೋಗಿ ಬಂದರೆ 8 ಆಂಪ್-ಅವರ್ ಬ್ಯಾಟರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಖಾಲಿ, ಸೆಲ್ಫ್ ಹೊಡೆಯುವುದಿಲ್ಲ. ಹೀಗೆ ಮೂರ್ನಾಲ್ಕು ಸಲ ಆಳಕ್ಕಿಳಿದ ಬ್ಯಾಟರಿ ಮತ್ತೆ ಮೊದಲಿನ ಬಲಕ್ಕೆ ಬರುವುದಿಲ್ಲ. ಬ್ಯಾಟರಿ ಕಂಪನಿಯವರು ಅದನ್ನು ತಯಾರಿಕೆಯ ದೋಷವೆಂದು ಒಪ್ಪುವುದೂ ಕಷ್ಟ.

ಮ್ಯಾಗ್ನೆಟ್ ಕಾಯಿಲ್ ಸುಟ್ಟಿದೆ. ಫಾಗ್ ಲೈಟಿನಿಂದಲೇ ಎನ್ನುತ್ತಾರೆ. ನಿಜವಿರಬಹುದೇ?

ಪ್ರತಿ ಸಲವೂ ಅಲ್ಲ. ಬಹಳ ಬೈಕುಗಳಲ್ಲಿರುವ ಷಂಟ್ ಮಾದರಿಯ ಆರ್‌ಆರ್ ಯೂನಿಟ್, ಬೇಡವಾದ ಕರೆಂಟನ್ನು ಕಾಯಿಲಿಗೇ ಮರಳಿಸಿ ಸುತ್ತಿಸುತ್ತದೆ. ಅಂದರೆ ಲೈಟ್ ಇದ್ದರೂ ಇಲ್ಲದಿದ್ದರೂ ಕಾಯಿಲ್ ತನ್ನ ಪೂರ್ತಿ ಶಕ್ತಿಯಲ್ಲಿ ದುಡಿಯುತ್ತಲೇ ಇರುತ್ತದೆ. ಅಂಥ ಬೈಕಿನಲ್ಲಿ 40 ವ್ಯಾಟ್ ಹೆಚ್ಚಾದ ಮಾತ್ರಕ್ಕೆ ಕಾಯಿಲ್ ಸುಟ್ಟಿತು ಎನ್ನುವುದು ಒಪ್ಪುವ ಮಾತಲ್ಲ. ಸೀರೀಸ್ ಮಾದರಿಯಲ್ಲಿ ಹಾಗಲ್ಲ, ಹೊರೆ ಹೆಚ್ಚಿದಷ್ಟೂ ಕಾಯಿಲಿನ ದುಡಿಮೆಯೂ ಹೆಚ್ಚುತ್ತದೆ. ನಿಮ್ಮ ಬೈಕಿನಲ್ಲಿರುವುದು ಯಾವುದು ಎಂದು ಸರ್ವಿಸ್ ಅಡ್ವೈಸರ್‌ಗೆ ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ. ಈ ಪ್ರಶ್ನೆ ಕೇಳಿದ ಮೇಲೆ ಕೆಲವೊಮ್ಮೆ ಕ್ಲೇಮ್ ಕಂಪನಿಯ ಎಂಜಿನಿಯರ್‌ವರೆಗೆ ಹೋಗುತ್ತದೆ. ಹೋಗಬೇಕಾದದ್ದೂ ಅಲ್ಲಿಗೇ.

ವಾರಂಟಿ ಇಲ್ಲ ಎಂದು ಬಾಯಿಮಾತಲ್ಲಿ ಹೇಳಿ ಕಳಿಸಿದರು. ಮುಂದೇನು?

ಬಾಯಿಮಾತಿಗೆ ಒಪ್ಪಬೇಡಿ. ನಿರಾಕರಣೆಯನ್ನು ಜಾಬ್ ಕಾರ್ಡಿನ ಮೇಲೆ ಅಥವಾ ಇಮೇಲ್‌ನಲ್ಲಿ ಕೇಳಿ, ಅದರಲ್ಲಿ ನಾಲ್ಕು ವಿಷಯ ಇರಲೇಬೇಕು: ಕೆಟ್ಟ ಭಾಗ ಯಾವುದು, ಅದರಲ್ಲಿ ಕಂಡ ದೋಷ ಏನು, ಆ ದೋಷಕ್ಕೆ ಯಾವ ಹೊರಗಿನ ಸಾಮಾನು ಹೇಗೆ ಕಾರಣ, ವಾರಂಟಿ ಪುಸ್ತಕದ ಯಾವ ಷರತ್ತಿನ ಪ್ರಕಾರ ನಿರಾಕರಣೆ. ಮೂರನೆಯದಕ್ಕೆ ಉತ್ತರ ಬರೆಯಲು ಕೂತಾಗ ‘ಫಾಗ್ ಲೈಟ್ ಇದೆ, ಅದಕ್ಕೇ ಫ್ಯೂಯೆಲ್ ಪಂಪ್ ಇಲ್ಲ’ ಎಂಬಂಥ ಮಾತು ನಿಲ್ಲುವುದಿಲ್ಲ. ಬದಲಾಯಿಸಿದ ಹಳೆಯ ಭಾಗವನ್ನು ಬಿಟ್ಟು ಬರಬೇಡಿ. ದುಡ್ಡು ಕೊಟ್ಟು ಬದಲಿಸಿದ್ದರೆ ಅದು ನಿಮ್ಮದು, ಮುಂದೆ ಪರೀಕ್ಷೆಗೆ ಬೇಕಾಗುತ್ತದೆ.

ಆ ಉತ್ತರದೊಂದಿಗೆ ಕಂಪನಿಯ ಗ್ರಾಹಕ ವಿಭಾಗಕ್ಕೆ ಇಮೇಲ್ ಮಾಡಿ. ಅಲ್ಲೂ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿ. ಕೊನೆಯ ಮೆಟ್ಟಿಲು ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ನೀವು ವಾಸವಿರುವ ಅಥವಾ ದುಡಿಯುವ ಊರಿನಲ್ಲೇ ದೂರು ಕೊಡಬಹುದು. ಬೈಕನ್ನು ಹುಬ್ಬಳ್ಳಿಯಲ್ಲಿ ಕೊಂಡು ಬೆಂಗಳೂರಿನಲ್ಲಿ ಕೆಲಸ ಮಾಡುತ್ತಿದ್ದರೂ ಬೆಂಗಳೂರಿನ ಆಯೋಗವೇ ಸಾಕು. ವಕೀಲರು ಕಡ್ಡಾಯವಲ್ಲ. ಕೊಟ್ಟ ಬೆಲೆ 5 ಲಕ್ಷದವರೆಗಿದ್ದರೆ ಶುಲ್ಕವೂ ಇಲ್ಲ. ತೊಂದರೆ ಹುಟ್ಟಿದ ದಿನದಿಂದ 2 ವರ್ಷದೊಳಗೆ ಹೋಗಬೇಕು. ಪರೀಕ್ಷೆ ಮಾಡದೆ ದೋಷ ತಿಳಿಯುವಂತಿಲ್ಲದಿದ್ದರೆ ಆಯೋಗ ಭಾಗವನ್ನು ಪ್ರಯೋಗಾಲಯಕ್ಕೆ ಕಳಿಸಬಹುದು. ಹಳೆಯ ಭಾಗ ಇಟ್ಟುಕೊಳ್ಳಿ ಎಂದದ್ದು ಇದಕ್ಕೇ.

ಹೊರಗಿನ ಸಾಮಾನಿಗೂ ದೋಷಕ್ಕೂ ಇರುವ ಸಂಬಂಧವನ್ನು ಕಂಪನಿಯೇ ಸಾಬೀತು ಮಾಡಬೇಕು ಎಂದು ಇಂಟರ್ನೆಟ್ಟಿನಲ್ಲಿ ಓದಿದೆ.

ನೀವು ಓದಿದ್ದು ಬಹುಶಃ ಅಮೆರಿಕದ 1975ರ ವಾರಂಟಿ ಕಾಯ್ದೆಯ ಬಗ್ಗೆ. ಅದು ಇಲ್ಲಿ ನಡೆಯುವುದಿಲ್ಲ. ಅದರ ಹೆಸರು ಹೇಳಿ ವಾದಿಸಿದರೆ ಅಡ್ವೈಸರ್ ಮುಂದೆ ನಿಮ್ಮ ಮಾತಿನ ತೂಕವೇ ಇಳಿಯುತ್ತದೆ.

ಸೈಲೆನ್ಸರ್, ಏರ್ ಫಿಲ್ಟರ್, ದಪ್ಪ ಟೈರ್?

ಬಿಎಸ್6 ಬೈಕಿನ ಸೈಲೆನ್ಸರ್ ಬದಲಿಸಿದರೆ ಆಕ್ಸಿಜನ್ ಸೆನ್ಸರ್ ಮತ್ತು ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಕೈ ಹಾಕಿದಂತೆ. ಆಮೇಲೆ ಎಂಜಿನ್ ಬಗೆಗಿನ ಯಾವ ದೂರನ್ನೂ ಅವರು ವಾರಂಟಿಯಲ್ಲಿ ನೋಡುವುದು ಕಷ್ಟ. ಏರ್ ಫಿಲ್ಟರಿನದೂ ಅದೇ ಕತೆ: ಧೂಳು ಒಳಹೋಗಿ ಪಿಸ್ಟನ್, ಬೋರ್ ಗೀರಿದ್ದರೆ ನೇರ ನಿರಾಕರಣೆ. ದಪ್ಪ ಟೈರ್ ಸ್ವಿಂಗ್ ಆರ್ಮಿಗೋ ಚೈನಿಗೋ ತಾಗುತ್ತಿದ್ದರೆ ಆ ಭಾಗಗಳ ವಾರಂಟಿ ಮರೆತುಬಿಡಿ.

ವಾರಂಟಿ ಉಳಿದರೆ ಪೊಲೀಸರ ತೊಂದರೆಯೂ ಇಲ್ಲವೇ?

ಎರಡಕ್ಕೂ ಸಂಬಂಧವಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯ ವಿವರಕ್ಕೆ ಹೊಂದದಂತೆ ವಾಹನ ಬದಲಿಸುವಂತಿಲ್ಲ. ಕಣ್ಣು ಕುಕ್ಕುವ ಎಲ್‌ಇಡಿ ದೀಪಗಳ ಮೇಲೆ ಕರ್ನಾಟಕ ಪೊಲೀಸರು 2024ರಲ್ಲಿ ವಿಶೇಷ ಕಾರ್ಯಾಚರಣೆ ನಡೆಸಿ ಕೇಸ್ ಹಾಕಿದ್ದಾರೆ. ಫಾಗ್ ಲೈಟಿನ ಬೆಳಕು ರಸ್ತೆಯ ಮೇಲೆ ಬೀಳುವಂತೆ ಬಾಗಿಸಿ ಕೂರಿಸಿ, ಎದುರಿನವರ ಮುಖಕ್ಕಲ್ಲ. ನಗರದೊಳಗೆ ಆರಿಸಿಡಿ.

ವಿಮೆಯೂ ಬೇರೆ. ಹೊರಗೆ ಹಾಕಿಸಿದ ವಿದ್ಯುತ್ ಸಾಮಾನಿಗೆ ರಕ್ಷಣೆ ಬೇಕಿದ್ದರೆ ಅದರ ಬೆಲೆಯನ್ನು ಪಾಲಿಸಿಯಲ್ಲಿ ಘೋಷಿಸಿ ಹೆಚ್ಚಿನ ಪ್ರೀಮಿಯಂ ಕಟ್ಟಬೇಕು. ಘೋಷಿಸದ ಲೈಟ್ ಅಪಘಾತದಲ್ಲಿ ಒಡೆದರೆ ಅದರ ದುಡ್ಡು ಬರುವುದಿಲ್ಲ.